ಬಿಲ್ಲಿನ ಆ್ಯಪ್‌ನ ಬಣ್ಣ ಬದಲಿಸಲು ಡಿಸೈನರ್‌ಗೆ ಬರೆದ ಪತ್ರ: ನನ್ನ ಅನುಭವ

ಕಲಬುರಗಿಯ ಗಂಜ್‌ನಿಂದ ಸ್ವಲ್ಪ ದೂರದಲ್ಲಿರುವ ನಮ್ಮ ಕಿರಾಣಿ ಅಂಗಡಿಯಲ್ಲಿ ಬಿಲ್ ಮಾಡಲು ನಮ್ಮದೇ ಆ್ಯಪ್ ಇದೆ. ಪರಿಚಯದ ಹುಡುಗನೊಬ್ಬ ಬರೆದುಕೊಟ್ಟದ್ದು. ಲೆಕ್ಕ ಎಂದೂ ತಪ್ಪಲಿಲ್ಲ, ತಪ್ಪುತ್ತಿದ್ದದ್ದು ಕೈ. ದಿನಕ್ಕೆ ಎಂಟು ಹತ್ತು ಬಿಲ್‌ಗಳನ್ನು ರದ್ದು ಮಾಡಿ ಮತ್ತೆ ಮಾಡಬೇಕಾಗುತ್ತಿತ್ತು. ಪರದೆಯ ಬಣ್ಣ ಮತ್ತು ಗುಂಡಿಗಳ ಜಾಗ ಬದಲಾದರೆ ಇದು ನಿಲ್ಲುತ್ತದೆ ಎಂದು ನಾನು ಹೇಳಿದಾಗ ಪಕ್ಕದ ಅಂಗಡಿಯವರು, "ಬಣ್ಣ ಬದಲಿ ಮಾಡಿದ್ರ ಧಂದೆ ಸುಧಾರಸ್ತದೇನ್ರಿ?" ಎಂದು ಕೇಳಿದ್ದರು. ಈಗ ರದ್ದಾಗುವ ಬಿಲ್ ದಿನಕ್ಕೆ ಒಂದೋ ಎರಡೋ. ಕಳೆದ ವಾರ ಅವರೇ ಬಂದು ನನ್ನ ಪತ್ರದ ಪ್ರತಿ ಕೇಳಿ ತೆಗೆದುಕೊಂಡು ಹೋದರು.

ಮೊದಲು ಹಣ ಹೋದ ಬಗೆಯನ್ನು ಹೇಳುತ್ತೇನೆ. ಮೊದಲ ಡಿಸೈನರ್‌ಗೆ ನಾನು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಸ್ವಲ್ಪ ಚೆಂದ ಮಾಡಿರಿ, ಬಣ್ಣ ಎದ್ದು ಕಾಣಬೇಕು." ಆರು ಸಾವಿರ ಮುಂಗಡ ಪಡೆದು ಅವರು ಕೊಟ್ಟದ್ದು ನೇರಳೆ ಬಣ್ಣದ ಕತ್ತಲು ಹಿನ್ನೆಲೆ, ಅದರ ಮೇಲೆ ತೆಳ್ಳನೆಯ ಬೂದು ಅಕ್ಷರ. ಅವರ ತಪ್ಪು ಎನ್ನಲಾರೆ, ನಾನು ಹೇಳಿದ್ದೇ ಹಾಗಿತ್ತು. ಎರಡನೆಯವರಿಗೆ ದನಿ ಸಂದೇಶಗಳನ್ನು ಕಳಿಸಿದೆ, ಇಪ್ಪತ್ತಕ್ಕೂ ಹೆಚ್ಚು. ಒಂದರಲ್ಲಿ ಹೇಳಿದ್ದನ್ನು ಇನ್ನೊಂದರಲ್ಲಿ ನಾನೇ ಬದಲಿಸಿದ್ದೆ, ಅವರು ಯಾವುದನ್ನು ಹಿಡಿಯಬೇಕು? ಪ್ರತಿ ತಿದ್ದುಪಡಿಗೆ ಒಂದೂವರೆ ಸಾವಿರದಂತೆ ಮೂರು ಸುತ್ತು ಹೋಯಿತು. ಅಲ್ಲಿಗೆ ಹತ್ತು ಸಾವಿರ ದಾಟಿತ್ತು, ಪರದೆ ಮಾತ್ರ ಇದ್ದಲ್ಲೇ ಇತ್ತು.

ಮೂರನೆಯವರು ಧಾರವಾಡದಲ್ಲಿ ಮನೆಯಿಂದಲೇ ಕೆಲಸ ಮಾಡುವ ಹೆಣ್ಣುಮಗಳು. ಅವರಿಗೆ ಫೋನ್ ಮಾಡದೆ, ಕುಳಿತು ಎರಡು ಪುಟದ ಪತ್ರ ಬರೆದೆ. ಅದರಲ್ಲಿ "ಚೆಂದ" ಎಂಬ ಮಾತು ಎಲ್ಲಿಯೂ ಬರದಂತೆ ನೋಡಿಕೊಂಡೆ. ಪ್ರತಿಯೊಂದು ದೂರನ್ನೂ ನಡೆದ ಘಟನೆಯಾಗಿ ಬರೆದೆ: ಪರದೆಯ ಮುಂದೆ ಯಾರಿದ್ದರು, ಬೆಳಕು ಹೇಗಿತ್ತು, ಬೆರಳು ಎಲ್ಲಿ ಬಿತ್ತು, ಏನು ಕೆಟ್ಟಿತು. ಬಣ್ಣವನ್ನು ಆರಿಸುವುದು ಅವರ ಕೆಲಸ, ಕೆಟ್ಟದ್ದನ್ನು ತೋರಿಸುವುದು ನನ್ನ ಕೆಲಸ ಎಂದು ಮೊದಲ ಸಾಲಿನಲ್ಲೇ ಹೇಳಿದ್ದೆ.

ಪತ್ರದಲ್ಲಿದ್ದ ಮೊದಲ ಘಟನೆ ಉದ್ರಿಯದು. ಅದನ್ನು ಬರೆದಂತೆಯೇ ಇಲ್ಲಿ ಕೊಡುತ್ತೇನೆ.

"ನಮ್ಮ ಗಲ್ಲಾದ ಮೇಲೆ ಕೂರುವ ಹುಡುಗನಿಗೆ ಇಪ್ಪತ್ತೆರಡು ವರ್ಷ. ಬಿಲ್ ಮುಗಿದ ಮೇಲೆ ಕೆಳಗೆ ಎರಡು ಗುಂಡಿಗಳು ಬರುತ್ತವೆ: ನಗದು ಹಸಿರು, ಉದ್ರಿ ಕೆಂಪು. ಎರಡೂ ಒಂದೇ ಅಳತೆ, ನಡುವೆ ಸಂದು ಹೆಚ್ಚೆಂದರೆ ಎರಡು ಮಿಲಿಮೀಟರ್. ಕಳೆದ ತಿಂಗಳು ಒಬ್ಬ ಹಳೆಯ ಗಿರಾಕಿ 1,840 ರೂಪಾಯಿ ರೊಕ್ಕ ಕೊಟ್ಟು ಹೋದರು, ಹುಡುಗ ಅದನ್ನು ಉದ್ರಿಗೆ ಹಾಕಿದ. ಹದಿನೈದು ದಿನಗಳ ನಂತರ ನಾನು ಅವರಿಗೆ ಬಾಕಿ ಕೇಳಿದೆ. ಅವರು ಬೇಸರಪಟ್ಟು ಎದ್ದು ಹೋದರು. ಹುಡುಗನನ್ನು ಕೇಳಿದಾಗ, 'ಎರಡೂ ಒಂದೇ ಥರ ಕಾಣ್ತಾವ್ರಿ ಅಣ್ಣಾರ' ಎಂದ. ಅವನಿಗೆ ಕೆಂಪು ಹಸಿರಿನ ಭೇದ ಸರಿಯಾಗಿ ತಿಳಿಯುವುದಿಲ್ಲ ಎಂಬುದು ನನಗೂ ಅವತ್ತೇ ಗೊತ್ತಾಯಿತು. ಆದ್ದರಿಂದ ಈ ಎರಡು ಗುಂಡಿಗಳನ್ನು ಬಣ್ಣ ಕಾಣದವನೂ ಗುರುತಿಸುವಂತಿರಬೇಕು. ಕೈ ಜಾರಿದರೂ ಒಂದರ ಬದಲು ಇನ್ನೊಂದು ಒತ್ತುವಂತಿರಬಾರದು."

ಈ ಸಾಲುಗಳನ್ನು ಓದಿ ಅವರು ಮಾಡಿದ್ದು ನಾನು ಯೋಚಿಸಿಯೂ ಇರದ ಕೆಲಸ. ನಗದು ಗುಂಡಿಯನ್ನು ಪರದೆಯ ಕೆಳಗೆ ಬಲಕ್ಕೆ, ಅರ್ಧ ಅಗಲಕ್ಕೆ ಹರಡಿ, ಕಡು ನೀಲಿ ತುಂಬಿದರು. ಉದ್ರಿಯನ್ನು ಅಲ್ಲಿಂದ ಕಿತ್ತು ಮೇಲೆ ಗಿರಾಕಿಯ ಹೆಸರಿನ ಪಕ್ಕಕ್ಕೆ ಒಯ್ದರು. ಅದಕ್ಕೆ ಬಣ್ಣ ತುಂಬದೆ ಬರೀ ಅಂಚು ಕೊಟ್ಟರು, ಮತ್ತು ಹೆಸರು ಆರಿಸುವವರೆಗೆ ಆ ಗುಂಡಿ ಒತ್ತಲು ಬರದಂತೆ ಮಾಡಿಸಿದರು. ಉದ್ರಿ ಬರೆಯುವಾಗ ಖಾತೆಯ ಪುಟ ಮೊದಲು ತೆಗೆಯುವುದು ನಮ್ಮ ಹಳೆಯ ರೂಢಿಯೇ ಅಲ್ಲವೇ, ಅದೇ ಈಗ ಪರದೆಯ ಮೇಲೆ ಬಂದಿದೆ. ಬಣ್ಣಗಳ ಸಂಖ್ಯೆ ಬೇಕಾದವರಿಗೆ ಇಲ್ಲಿ ಕೊಡುತ್ತೇನೆ:

```
ನಗದು: ಹಿನ್ನೆಲೆ #0D47A1, ಅಕ್ಷರ #FFFFFF
ಉದ್ರಿ: ಹಿನ್ನೆಲೆ #FFFFFF, ಅಂಚು ಮತ್ತು ಅಕ್ಷರ #BF360C
```

ಕೆಂಪು ಹಸಿರು ಗೊಂದಲವಾಗುವವರಿಗೂ ನೀಲಿ ಮತ್ತು ಕಿತ್ತಳೆ ಸಾಮಾನ್ಯವಾಗಿ ಬೇರೆ ಬೇರೆಯಾಗಿಯೇ ಕಾಣುತ್ತವೆ. ಆದರೂ ಬಣ್ಣವನ್ನೇ ನಂಬಬೇಡಿ. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪರದೆಯನ್ನು ಕಪ್ಪು ಬಿಳುಪು ಮಾಡುವ ಆಯ್ಕೆ ಇರುತ್ತದೆ. ಅದನ್ನು ಹಾಕಿ ನಿಮ್ಮ ಬಿಲ್ಲಿನ ಆ್ಯಪ್ ತೆರೆದು ನೋಡಿ. ಆಗ ಯಾವ ಎರಡು ಗುಂಡಿಗಳು ಒಂದೇ ಬೂದು ಬಣ್ಣವಾಗಿ ಕಂಡವೋ ಅವು ಎಂದಾದರೊಂದು ದಿನ ನಿಮಗೆ ರೊಕ್ಕದ ಪೆಟ್ಟು ಕೊಡುತ್ತವೆ.

ಎರಡನೆಯ ದೂರು ಬಿಸಿಲಿನದು. ನಮ್ಮ ಅಂಗಡಿ ಪಶ್ಚಿಮಕ್ಕೆ ಮುಖ ಮಾಡಿದೆ, ಮಧ್ಯಾಹ್ನ ಮೂರರ ನಂತರ ಬಿಸಿಲು ಗಲ್ಲಾದವರೆಗೆ ಬರುತ್ತದೆ. ಬೇಸಿಗೆಯಲ್ಲಿ ನಮ್ಮೂರು 40 ಡಿಗ್ರಿ ದಾಟುವುದು ವಿಶೇಷವಲ್ಲ, ಆ ಕಾವಿಗೆ ಟ್ಯಾಬ್ಲೆಟ್ ತಾನಾಗಿಯೇ ಬೆಳಕನ್ನು ತಗ್ಗಿಸಿಕೊಳ್ಳುತ್ತದೆ. ಅದರ ಮೇಲೆ ಕತ್ತಲು ಹಿನ್ನೆಲೆ ಇದ್ದರೆ ಪರದೆ ಕನ್ನಡಿಯಾಗುತ್ತದೆ, ದರ ಕಾಣುವ ಜಾಗದಲ್ಲಿ ನನ್ನ ಮುಖ ಕಾಣುತ್ತಿತ್ತು. ಎರಡನೆಯ ಡಿಸೈನರ್‌ಗೆ ನಾನು ಇದನ್ನು ಹೇಳಿದ್ದೆ, ಸ್ಕ್ರೀನ್‌ಶಾಟ್ ಸಹ ಕಳಿಸಿದ್ದೆ. ತಪ್ಪಾದದ್ದೇ ಅಲ್ಲಿ. ಸ್ಕ್ರೀನ್‌ಶಾಟ್‌ನಲ್ಲಿ ಬಿಸಿಲು ಬರುವುದಿಲ್ಲ! ನೆರಳಿನಲ್ಲಿ ದೊಡ್ಡ ಪರದೆಯ ಮುಂದೆ ಕುಳಿತವರಿಗೆ ಅದು ಸ್ವಚ್ಛವಾಗಿಯೇ ಕಾಣುತ್ತದೆ. ಈ ಸಲ ಸಂಜೆ ನಾಲ್ಕಕ್ಕೆ, ಹುಡುಗ ನಿಲ್ಲುವ ಜಾಗದಲ್ಲಿ ನಿಂತು, ಇನ್ನೊಂದು ಫೋನಿನಿಂದ ಟ್ಯಾಬ್ಲೆಟ್‌ನ ಫೋಟೋ ತೆಗೆದು ಕಳಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: "ಈಗ ಅರ್ಥವಾಯಿತು ಸರ್, ದರದ ಕಾಲಂ ನನಗೂ ಓದಲು ಬರುತ್ತಿಲ್ಲ."

ಹಿನ್ನೆಲೆ ಬಿಳಿಯಾಯಿತು, ಅಕ್ಷರ ಬಹುತೇಕ ಕಪ್ಪಾಯಿತು. ಬಿಳಿಯ ಮೇಲೆ #9E9E9E ಎಂಬ ಬೂದು ಬಣ್ಣ ಡಿಸೈನರ್‌ಗಳಿಗೆ ಬಹಳ ಪ್ರಿಯ. ಅದರ ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ, ಅಳೆದರೆ ಮೂರಕ್ಕೆ ಒಂದು ಸಹ ಬರುವುದಿಲ್ಲ, ಸಾಧಾರಣ ಅಕ್ಷರಕ್ಕೆ ಕನಿಷ್ಠ 4.5 ಇರಬೇಕೆಂಬುದು ಒಪ್ಪಿತ ಲೆಕ್ಕ. ನಾನು ಪತ್ರದಲ್ಲಿ ದರ ಮತ್ತು ಒಟ್ಟು ಮೊತ್ತಕ್ಕೆ ಏಳಕ್ಕಿಂತ ಕಡಿಮೆ ಬೇಡ ಎಂದು ಬರೆದೆ, ಏಕೆಂದರೆ ನಮ್ಮ ಬಿಸಿಲು ಆ ಲೆಕ್ಕದಲ್ಲಿ ಸೇರಿಲ್ಲ. ಈ ನಡುವೆ 250 ರೂಪಾಯಿಯ, ಹೊಳಪು ತಗ್ಗಿಸುವ ಮಂಜು ಹಾಳೆಯನ್ನೂ ಪರದೆಗೆ ಅಂಟಿಸಿ ನೋಡಿದೆ. ಪ್ರತಿಬಿಂಬ ಕಡಿಮೆಯಾಯಿತು, ಆದರೆ ಸಣ್ಣ ಅಕ್ಷರ ಕಲಸಿದಂತಾಯಿತು, ಎರಡು ದಿನಕ್ಕೆ ಕಿತ್ತು ಹಾಕಿದೆ. ಚಹಾಪುಡಿಯ ರಟ್ಟಿನ ಪೆಟ್ಟಿಗೆ ಕತ್ತರಿಸಿ ಮಾಡಿದ ನೆರಳಿನ ಮರೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಆದರೆ ಗಿರಾಕಿಗೆ ಮೊತ್ತ ಕಾಣುತ್ತಿರಲಿಲ್ಲವಾದ್ದರಿಂದ ಅದನ್ನೂ ಬಿಟ್ಟೆ.

ಮೂರನೆಯದು ಕನ್ನಡ ಅಕ್ಷರದ ಮಾತು, ಇದನ್ನು ಕನ್ನಡದಲ್ಲಿ ಬಿಲ್ ಮಾಡುವವರು ಗಮನವಿಟ್ಟು ಓದಬೇಕು. ನಮ್ಮ ಸರಕಿನ ಹೆಸರುಗಳನ್ನು ನೋಡಿ: ಅಕ್ಕಿ, ಸಕ್ಕರೆ, ಬೆಲ್ಲ, ಎಣ್ಣೆ, ಉದ್ದು, ಕಡಲೆಹಿಟ್ಟು. ಒತ್ತಕ್ಷರವಿಲ್ಲದ ಹೆಸರು ಹುಡುಕಬೇಕು. ಇಂಗ್ಲಿಷ್ ಅಕ್ಷರಕ್ಕೆಂದು ಹೊಂದಿಸಿದ ಸಾಲಿನ ಎತ್ತರದಲ್ಲಿ ಈ ಒತ್ತುಗಳು ಕೆಳಗೆ ಕತ್ತರಿಸಿ ಹೋಗಿ ಅಕ್ಕಿ "ಅಕಿ" ಆಗುತ್ತಿತ್ತು, ಬೆಲ್ಲ "ಬೆಲ" ಆಗುತ್ತಿತ್ತು. ಅಕ್ಷರ ಸಣ್ಣದು ಮಾಡಿದರೆ ಸರಿಹೋಗುತ್ತದೆ ಎಂದು ಹಿಂದಿನವರು ಸಣ್ಣದು ಮಾಡಿದರು. ಎತ್ತರವೂ ಅದೇ ಪ್ರಮಾಣದಲ್ಲಿ ಇಳಿದು ಒತ್ತು ಮತ್ತೆ ಕತ್ತರಿಸಿತು. ಬದಲಿಸಬೇಕಾದದ್ದು ಸಾಲಿನ ಎತ್ತರ, ಅಕ್ಷರದ ಗಾತ್ರ 18 ಇದ್ದರೆ ಸಾಲು 28 ಅಥವಾ 29. ಪತ್ರದೊಂದಿಗೆ ಒತ್ತಕ್ಷರವಿರುವ ಮೂವತ್ತು ಹೆಸರುಗಳ ಪಟ್ಟಿಯನ್ನು ಕಳಿಸಿ, ನಮೂನೆಯ ಪರದೆಯಲ್ಲಿ ಇವೇ ಹೆಸರುಗಳಿರಬೇಕು, "ಐಟಂ 1, ಐಟಂ 2" ಬೇಡ ಎಂದು ಬರೆದೆ. ಖಾಲಿ ಹೆಸರುಗಳ ಮೇಲೆ ಎಲ್ಲ ವಿನ್ಯಾಸವೂ ಸರಿಯಾಗಿಯೇ ಕಾಣುತ್ತದೆ.

ಗುಂಡಿಗಳ ಅಳತೆಯನ್ನು ನಾನು ಮಗಳ ಸ್ಕೇಲ್ ಇಟ್ಟು ಅಳೆದೆ. ಹಳೆಯ ಗುಂಡಿ ಆರು ಮಿಲಿಮೀಟರ್ ಎತ್ತರವಿತ್ತು, ಬೆರಳಿಗೆ ಒಂಬತ್ತಾದರೂ ಬೇಕು. ಹಿಟ್ಟು, ಎಣ್ಣೆ ಹತ್ತಿದ ಕೈಗೆ ಹನ್ನೊಂದು ಎಂದು ಕೇಳಿದೆ. ಇಲ್ಲಿ ನಾನೇ ಎಡವಿದೆ. ಗುಂಡಿ ದೊಡ್ಡದಾದಾಗ ಒಂದು ಪರದೆಯಲ್ಲಿದ್ದ ಇಪ್ಪತ್ನಾಲ್ಕು ಸರಕು ಹನ್ನೆರಡಕ್ಕೆ ಇಳಿದವು, ಹುಡುಗ ಮೇಲೆ ಕೆಳಗೆ ಸರಿಸುವುದರಲ್ಲೇ ಹೊತ್ತು ಕಳೆದ. ಕೊನೆಗೆ ಹತ್ತು ಮಿಲಿಮೀಟರ್‌ಗೆ ಒಪ್ಪಿ ಹದಿನೈದಕ್ಕೆ ನಿಂತೆವು. ಆ ಹದಿನೈದು ಯಾವುವು, ದಿನದ ಯಾವ ಹೊತ್ತಿಗೆ ಅವನ್ನು ಹೇಗೆ ಬದಲಿಸುತ್ತೇನೆ ಎಂಬುದು ನಾಲ್ಕು ವರ್ಷದ ಬಿಲ್‌ಗಳನ್ನು ಕೂತು ನೋಡಿ ಕಂಡುಕೊಂಡದ್ದು, ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದನ್ನು ಮಾತ್ರ ಹೇಳಬಹುದು. ಬಿಡಿ ತೊಗರಿಬೇಳೆಗೆ ಜಿಎಸ್‌ಟಿ ಇಲ್ಲ, ಲೇಬಲ್ ಹಚ್ಚಿದ ಪ್ಯಾಕೆಟ್‌ಗೆ ಶೇ. 5 ಇದೆ. ಇವೆರಡು ಅಕ್ಕಪಕ್ಕದಲ್ಲಿ ಒಂದೇ ಚಿತ್ರದೊಂದಿಗೆ ಇರುವುದು ಅಪಾಯ. ನಾವು ಬಿಡಿ ಸರಕನ್ನು ಎಡಕ್ಕೂ ಪ್ಯಾಕೆಟ್ ಸರಕನ್ನು ಬಲಕ್ಕೂ ಹಾಕಿ, ಪ್ಯಾಕೆಟ್‌ನ ಮೇಲೆ "ಪ್ಯಾಕ್" ಎಂದು ದಪ್ಪಕ್ಷರದಲ್ಲಿ ಬರೆಸಿದ್ದೇವೆ.

ಪತ್ರದ ಕೊನೆಯಲ್ಲಿ ಎರಡು ಸಂಗತಿಗಳಿದ್ದವು. ಮೊದಲನೆಯದು, ಏನನ್ನು ಮುಟ್ಟಬಾರದು ಎಂಬುದು: ಅಂಕಿಗಳ ಗುಂಡಿಗಳ ಕ್ರಮ, ತೂಕ ಬರೆಯುವ ಜಾಗ, ಪ್ರಿಂಟ್ ಗುಂಡಿ. ಇವುಗಳ ಮೇಲೆ ಹುಡುಗನ ಬೆರಳು ನೋಡದೆಯೇ ಓಡುತ್ತದೆ, ಒಂದು ಇಂಚು ಸರಿದರೂ ವಾರವಿಡೀ ತಪ್ಪಾಗುತ್ತದೆ. ಎರಡನೆಯದು, ನಾನು ಹೇಗೆ ಪರೀಕ್ಷೆ ಮಾಡುತ್ತೇನೆ ಎಂಬುದು: ಸಂಜೆ ನಾಲ್ಕರ ಬಿಸಿಲಿನಲ್ಲಿ ಒಂದು ತೋಳಿನ ದೂರದಿಂದ ಮೊತ್ತ ಓದಲು ಬರಬೇಕು, ಕಪ್ಪು ಬಿಳುಪಿನಲ್ಲಿ ನಗದು ಉದ್ರಿ ಬೇರೆಯಾಗಿ ಕಾಣಬೇಕು, ಹುಡುಗ ಯಾರನ್ನೂ ಕೇಳದೆ ಹತ್ತು ಸರಕಿನ ಬಿಲ್ ಮುಗಿಸಬೇಕು. ಅರ್ಧ ಹಣ ಮೊದಲೇ, ಇನ್ನರ್ಧ ಈ ಮೂರೂ ಪಾಸಾದ ದಿನವೇ ಎಂದು ಬರೆದಿದ್ದೆ. ಅವರು ಚೌಕಾಸಿ ಮಾಡದೆ ಒಪ್ಪಿದರು. ತಮ್ಮ ವೃತ್ತಿಯಲ್ಲಿ ಯಾವ ಗಿರಾಕಿಯೂ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂದು ಮೊದಲೇ ಹೇಳಿರಲಿಲ್ಲ ಎಂದರು, ಆ ಮಾತು ನನಗೆ ಖುಷಿ ಕೊಟ್ಟಿತು.

ಎರಡು ಸುತ್ತಿನಲ್ಲಿ ಕೆಲಸ ಮುಗಿಯಿತು. ಅವರಿಗೆ ಐದೂವರೆ ಸಾವಿರ, ಬದಲಾವಣೆಗಳನ್ನು ಆ್ಯಪ್‌ಗೆ ಸೇರಿಸಿದ ಹುಡುಗನಿಗೆ ಸುಮಾರು ನಾಲ್ಕು ಸಾವಿರ. ಉದ್ರಿಯ ಗಿರಾಕಿಯ ಮನೆಗೆ ನಾನೇ ಹೋಗಿ ಖಾತೆ ತೋರಿಸಿ ಕ್ಷಮೆ ಕೇಳಿ ಬಂದೆ, ಈಗ ಮತ್ತೆ ಬರುತ್ತಿದ್ದಾರೆ. ರಾತ್ರಿ ಎಂಟರ ನಂತರ ಬಿಳಿ ಪರದೆ ಕಣ್ಣಿಗೆ ಹೊಡೆಯುತ್ತದೆ ಎಂದು ಗಲ್ಲಾದ ಹುಡುಗ ಹೇಳುತ್ತಿದ್ದಾನೆ. ಯಾವ ದೀಪದ ಕೆಳಗೆ, ಎಷ್ಟು ಹೊತ್ತಿಗೆ ಎಂದು ಒಂದು ವಾರದಿಂದ ಬರೆದಿಟ್ಟುಕೊಳ್ಳುತ್ತಿದ್ದೇನೆ. ಮುಂದಿನ ಪತ್ರ ಅದರ ಬಗ್ಗೆ.