ಕಾಫಿ ಪುಡಿ ಬಿಲ್ಲಿಗೆ ಗಡುವಿಗೆ ಮುಂಚೆ ಹಣ: ನಾವು ಮಾಡುವ ಕ್ರಮ, ಬೀಳುವ ಖರ್ಚು

ಕುಶಾಲನಗರದಲ್ಲಿ ಹುರಿದು ಪುಡಿ ಮಾಡಿ ಮಾರುವ ನಮ್ಮಂಥ ಘಟಕಗಳಿಗೆ ಹಣದ ಬಿಕ್ಕಟ್ಟು ಬರುವುದು ವ್ಯಾಪಾರ ಇಲ್ಲದಾಗ ಅಲ್ಲ, ಇದ್ದಾಗ. ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಚೆರಿ ಬರುತ್ತದೆ, ಬೆಳೆಗಾರರಿಗೆ ಮೂಟೆ ಇಳಿಸಿದ ಒಂದೆರಡು ದಿನದಲ್ಲೇ ದುಡ್ಡು ಕೊಡಬೇಕು. ನಮ್ಮ ಪುಡಿ ತೆಗೆದುಕೊಳ್ಳುವ ಬೆಂಗಳೂರಿನ ಹೋಟೆಲ್ ಸರಪಳಿಯವರು, ಸೂಪರ್‌ಮಾರ್ಕೆಟ್‌ನವರು ಕೊಡುವುದು 60 ದಿನದ ಮೇಲೆ. ನಡುವಿನ ಈ ಅಂತರವನ್ನು ನಾವು ತುಂಬುವುದು ಬಾಕಿ ಬಿಲ್ಲುಗಳಿಂದಲೇ.

ಇದಕ್ಕೆ ಎರಡು ದಾರಿ. ಬಿಲ್ ಡಿಸ್ಕೌಂಟಿಂಗ್‌ನಲ್ಲಿ ಬಿಲ್ಲಿನ ಆಧಾರದ ಮೇಲೆ ಸಾಲ ಸಿಗುತ್ತದೆ. ವಸೂಲಿ ನಮ್ಮದೇ, ಗಿರಾಕಿ ಕೊಡದಿದ್ದರೆ ಸಾಮಾನ್ಯವಾಗಿ ನಾವೇ ಬ್ಯಾಂಕಿಗೆ ತುಂಬಬೇಕು. ಫ್ಯಾಕ್ಟರಿಂಗ್‌ನಲ್ಲಿ ಬರಬೇಕಾದ ಬಾಕಿಯನ್ನೇ ಮಾರಿಬಿಡುತ್ತೇವೆ. ಅಂದಿನಿಂದ ಗಿರಾಕಿ ಹಣ ಕಟ್ಟಬೇಕಾದದ್ದು ಕೊಂಡವರಿಗೆ. ಆದರೆ ಫ್ಯಾಕ್ಟರಿಂಗ್ ಅಂದ ಮಾತ್ರಕ್ಕೆ ನಷ್ಟದ ಹೊಣೆ ಕಳಚಿತು ಎಂದಲ್ಲ. ‘ರಿಕೋರ್ಸ್ ಸಹಿತ’ ಎಂದು ಒಪ್ಪಂದದಲ್ಲಿದ್ದರೆ ಗಿರಾಕಿ ಕೈಕೊಟ್ಟಾಗ ಫ್ಯಾಕ್ಟರ್ ನಮ್ಮ ಬಾಗಿಲಿಗೇ ಬರುತ್ತಾನೆ. ಸಹಿ ಹಾಕುವ ಮುಂಚೆ ನಾವು ಮೊದಲು ಹುಡುಕುವುದು ಈ ಒಂದು ಷರತ್ತನ್ನು.

ನಾವು ಹೆಚ್ಚಾಗಿ ಬಳಸುವುದು ಟ್ರೆಡ್ಸ್, ಅಂದರೆ ಸಣ್ಣ ಉದ್ದಿಮೆಗಳ ಬಾಕಿ ಬಿಲ್ಲುಗಳನ್ನು ಬ್ಯಾಂಕುಗಳು, ಫ್ಯಾಕ್ಟರಿಂಗ್ ಕಂಪನಿಗಳು ಹರಾಜಿನಲ್ಲಿ ಕೊಳ್ಳುವ ಆನ್‌ಲೈನ್ ವ್ಯವಸ್ಥೆ. ರಿಸರ್ವ್ ಬ್ಯಾಂಕ್ 2014ರಲ್ಲಿ ಇದರ ಮಾರ್ಗಸೂಚಿ ಹೊರಡಿಸಿತು; 2017ರಲ್ಲಿ ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್ವಾಯ್ಸ್‌ಮಾರ್ಟ್ ಎಂಬ ಮೂರು ವೇದಿಕೆಗಳು ಕೆಲಸ ಶುರು ಮಾಡಿದವು. ಇಲ್ಲಿ ಮಾರುವ ಸಣ್ಣ ಉದ್ದಿಮೆಯ ಮೇಲೆ ರಿಕೋರ್ಸ್ ಇಲ್ಲ. ಗಡುವಿನ ದಿನ ಗಿರಾಕಿಯ ಖಾತೆಯಿಂದ ಹಣ ಹೋಗದಿದ್ದರೆ ಅದು ಬ್ಯಾಂಕಿಗೂ ಗಿರಾಕಿಗೂ ನಡುವಿನ ವಿಷಯ. ಬಡ್ಡಿ ದರ ನಿಲ್ಲುವುದೂ ಗಿರಾಕಿಯ ಸಾಲಯೋಗ್ಯತೆಯ ಮೇಲೆ. ನಮ್ಮ ಘಟಕ ಎಷ್ಟು ಸಣ್ಣದು ಎಂಬುದು ಇಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ.

ಸೇರಲು ಉದ್ಯಮ್ ನೋಂದಣಿ, ಪ್ಯಾನ್, ಜಿಎಸ್‌ಟಿ ನೋಂದಣಿ, ಬ್ಯಾಂಕ್ ಖಾತೆಯ ವಿವರ, ಪಾಲುದಾರರ ಅಧಿಕಾರ ಪತ್ರ ಬೇಕು. ಕಾಗದಪತ್ರ ಕಷ್ಟವಲ್ಲ. ಗಿರಾಕಿಯೂ ಅದೇ ವೇದಿಕೆಯಲ್ಲಿ ಇರಬೇಕು, ಅದೇ ಕಷ್ಟ. ಹಾಗಾಗಿ ಮೊದಲು ಗಿರಾಕಿಯ ಲೆಕ್ಕಪತ್ರ ವಿಭಾಗಕ್ಕೆ ಫೋನ್ ಮಾಡಿ ಅವರು ಯಾವ ವೇದಿಕೆಯಲ್ಲಿದ್ದಾರೆ ಎಂದು ಕೇಳಿ, ಆಮೇಲೆ ಅಲ್ಲಿ ಸೇರುವುದು ಸರಿಯಾದ ಕ್ರಮ. ವಹಿವಾಟು 250 ಕೋಟಿ ರೂಪಾಯಿ ಮೀರಿದ ಕಂಪನಿಗಳು ಟ್ರೆಡ್ಸ್‌ನಲ್ಲಿ ನೋಂದಾಯಿಸಲೇಬೇಕೆಂದು ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಮುಂಚೆ ಈ ಮಿತಿ 500 ಕೋಟಿ ಇತ್ತು. ಆದರೆ ನೋಂದಾಯಿಸುವುದು ಒಂದು, ನಮ್ಮ ಬಿಲ್ಲನ್ನು ಅಲ್ಲಿ ಒಪ್ಪುವುದು ಇನ್ನೊಂದು. ಹೆಸರಿಗೆ ನೋಂದಾಯಿಸಿ ಸುಮ್ಮನೆ ಕೂತ ಕಂಪನಿಗಳೂ ಇವೆ.

ಹಣ ಬೇಗ ಬರುವುದೋ ತಡವಾಗುವುದೋ ಎಂದು ತೀರ್ಮಾನವಾಗುವುದು ಗಿರಾಕಿಯ ಒಪ್ಪಿಗೆಯಲ್ಲಿ. ಬಿಲ್ಲನ್ನು ವೇದಿಕೆಗೆ ಏರಿಸಿದಾಗ ಅದು ಒಂದು ‘ಫ್ಯಾಕ್ಟರಿಂಗ್ ಯೂನಿಟ್’ ಆಗುತ್ತದೆ. ಗಿರಾಕಿ ಒಪ್ಪಿದ ಮೇಲೆ ಬ್ಯಾಂಕುಗಳು, ಫ್ಯಾಕ್ಟರಿಂಗ್ ಕಂಪನಿಗಳು ಅದಕ್ಕೆ ದರ ಕೂಗುತ್ತವೆ. ಹಿಡಿಸಿದ ದರವನ್ನು ಆರಿಸಿಕೊಂಡರೆ ಒಂದೆರಡು ಕೆಲಸದ ದಿನದಲ್ಲಿ ಹಣ ಖಾತೆಗೆ ಬೀಳುತ್ತದೆ. ಒಪ್ಪಿಗೆ ತಡವಾಗುವುದಕ್ಕೆ ಬಹುಪಾಲು ಕಾರಣ ಅವರ ಗೋದಾಮಿನ ಸರಕು ಸ್ವೀಕೃತಿ ಚೀಟಿ. ಆರ್ಡರ್‌ನಲ್ಲಿ 500 ಗ್ರಾಂ ಪೊಟ್ಟಣ ಎಂದಿದ್ದು ಬಿಲ್ಲಿನಲ್ಲಿ ಕಿಲೋ ಲೆಕ್ಕ ಹಾಕಿದರೆ ಸಾಕು, ಅವರ ಕಂಪ್ಯೂಟರ್ ಎರಡನ್ನೂ ತಾಳೆ ಹಾಕದೆ ನಿಲ್ಲಿಸಿಬಿಡುತ್ತದೆ. ಆದ್ದರಿಂದ ಆರ್ಡರ್ ಸಂಖ್ಯೆ, ಸರಕಿನ ಕೋಡ್, ಅಳತೆ, ದರ ನಾಲ್ಕನ್ನೂ ಅವರ ಆರ್ಡರ್‌ನಲ್ಲಿ ಇದ್ದ ಹಾಗೆಯೇ ಬಿಲ್ಲಿಗೆ ಇಳಿಸುತ್ತೇವೆ. ಮಳೆಗಾಲದಲ್ಲಿ ಇನ್ನೊಂದು ತಲೆನೋವು. ಜುಲೈ, ಆಗಸ್ಟ್‌ನಲ್ಲಿ ಲಾರಿ ತಡವಾಗುತ್ತದೆ, ಪೆಟ್ಟಿಗೆ ತೇವ ಹಿಡಿದರೆ ಗೋದಾಮಿನವರು ಒಂದಷ್ಟನ್ನು ಪಕ್ಕಕ್ಕಿಟ್ಟು ಚೀಟಿಯನ್ನೇ ಹರಿಯುವುದಿಲ್ಲ. ಆ ತಿಂಗಳುಗಳಲ್ಲಿ ಒಂದು ದೊಡ್ಡ ಬಿಲ್ಲಿನ ಬದಲು ಪ್ರತಿ ಲೋಡಿಗೆ ಬೇರೆ ಬಿಲ್ ಮಾಡುವುದು ಒಳ್ಳೆಯದು. ಒಂದು ಲೋಡ್ ಸಿಕ್ಕಿಕೊಂಡರೂ ಉಳಿದವು ಮುಂದೆ ಹೋಗುತ್ತವೆ.

ಒಂದು ಬಿಲ್ಲಿನ ಲೆಕ್ಕ ನೋಡೋಣ. ದುಂಡು ಅಂಕಿಗಳಲ್ಲಿ ಹೇಳುತ್ತೇನೆ. ದರಗಳು ಗಿರಾಕಿಯಿಂದ ಗಿರಾಕಿಗೆ ಬೇರೆಯಾಗುತ್ತವೆ. ಪುಡಿಯ ಬೆಲೆ 10,00,000, ಶೇ. 5 ಜಿಎಸ್‌ಟಿ ಸೇರಿ ಬಿಲ್ 10,50,000 ರೂಪಾಯಿ. ಗಿರಾಕಿ ಟಿಡಿಎಸ್ ಎಂದು 1,000, ಒಡೆದ ಪೊಟ್ಟಣಗಳಿಗೆ 9,000 ಕಳೆದು 10,40,000ಕ್ಕೆ ಒಪ್ಪಿಗೆ ಕೊಟ್ಟರು ಎನ್ನಿ. 60 ದಿನದಲ್ಲಿ 10 ದಿನ ಒಪ್ಪಿಗೆ, ಹರಾಜಿಗೆ ಹೋಯಿತು. ಉಳಿದದ್ದು 50 ದಿನ. ದರ ವರ್ಷಕ್ಕೆ ಶೇ. 9 ಆದರೆ ಬಡ್ಡಿ ಹೀಗೆ:

```
10,40,000 × 9% × 50 ÷ 365 = 12,822
```

ವೇದಿಕೆಯ ಶುಲ್ಕ ಶೇ. 0.2 ಎಂದು ಹಿಡಿದರೆ 2,080. ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಇದೆ, ಅದು ಇನ್‌ಪುಟ್ ಕ್ರೆಡಿಟ್ ಆಗಿ ಹೊಂದಾಣಿಕೆಯಾಗುವುದರಿಂದ ಇಲ್ಲಿ ಬಿಟ್ಟಿದ್ದೇನೆ. ಒಟ್ಟು ಖರ್ಚು 14,902; ಕೈಗೆ ಬಂದದ್ದು 10,25,098. ಕೈಗೆ ಬಂದ ಹಣದ ಮೇಲೆ ವರ್ಷದ ಲೆಕ್ಕ ಹಾಕಿದರೆ ಸುಮಾರು ಶೇ. 10.6. ಹರಾಜಿನಲ್ಲಿ ಕಂಡ 9ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬಹುತೇಕ ಶುಲ್ಕದ್ದು. ಶುಲ್ಕ ದಿನದ ಲೆಕ್ಕದಲ್ಲಿ ಇರದಿದ್ದರೆ, ಗಡುವಿಗೆ ಹದಿನೈದೋ ಇಪ್ಪತ್ತೋ ದಿನ ಮಾತ್ರ ಉಳಿದಿರುವ ಬಿಲ್ಲನ್ನು ಡಿಸ್ಕೌಂಟ್ ಮಾಡುವುದು ದುಬಾರಿ. ಅಂಥವನ್ನು ನಾವು ಮುಟ್ಟುವುದಿಲ್ಲ.

ಇದೇ ಬಿಲ್ಲಿಗೆ ಖಾಸಗಿ ಫ್ಯಾಕ್ಟರ್‌ನ ಲೆಕ್ಕ ಬೇರೆ. ಅವರು ಕೊಡುವುದು ಶೇ. 80 ಮುಂಗಡ, ಅಂದರೆ 8,32,000. ಉಳಿದದ್ದು ಗಿರಾಕಿ ಕಟ್ಟಿದ ಮೇಲೆ. ಬಡ್ಡಿ ಶೇ. 15 ಆದರೆ 50 ದಿನಕ್ಕೆ 17,096. ಅದರ ಜೊತೆಗೆ ಶೇ. 1 ಸೇವಾ ಶುಲ್ಕ. ಈ ಶೇ. 1 ಮುಂಗಡದ ಮೇಲಲ್ಲ, ಪೂರ್ತಿ ಬಿಲ್ಲಿನ ಮೇಲೆ: 10,400. ಒಟ್ಟು 27,496. ಬಳಸಲು ಸಿಕ್ಕಿದ 8,32,000ಕ್ಕೆ ಹೋಲಿಸಿದರೆ ವರ್ಷಕ್ಕೆ ಸುಮಾರು ಶೇ. 24. ‘ಹದಿನೈದು ಪರ್ಸೆಂಟ್ ಅಷ್ಟೇ’ ಎಂದು ಫೋನಿನಲ್ಲಿ ಹೇಳುವವರು ಸುಳ್ಳು ಹೇಳುತ್ತಿಲ್ಲ, ಆದರೆ ಶುಲ್ಕವನ್ನು ಯಾವ ಮೊತ್ತದ ಮೇಲೆ ಹಾಕುತ್ತಾರೆ ಎಂದು ನಾವೇ ಕೇಳಬೇಕು. ಗಿರಾಕಿ ತಡ ಮಾಡಿದರೆ ಹೆಚ್ಚುವರಿ ದಿನಗಳ ಬಡ್ಡಿ ಯಾರದು, ವರ್ಷಕ್ಕೆ ಕನಿಷ್ಠ ಇಷ್ಟು ಬಿಲ್ ಕೊಡಲೇಬೇಕೆಂಬ ಷರತ್ತು ಇದೆಯೇ, ಇವೂ ಕೇಳಬೇಕಾದ ಮಾತು. ಗಿರಾಕಿ ಟ್ರೆಡ್ಸ್‌ಗೆ ಬರಲು ಒಪ್ಪದಿದ್ದರೆ, ಬಾಕಿ ನಿಜವಾಗಿಯೂ ಕುತ್ತಿಗೆಗೆ ಬಂದಾಗ ಮಾತ್ರ ಈ ದಾರಿ.

60 ದಿನದ ವಿಷಯದಲ್ಲಿ ಒಂದು ಮಾತು. ಎಂಎಸ್‌ಎಂಇಡಿ ಕಾಯ್ದೆ, 2006ರ ಪ್ರಕಾರ ಸೂಕ್ಷ್ಮ, ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣಕ್ಕೆ ಒಪ್ಪಂದದಲ್ಲಿ ಏನೇ ಬರೆದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಸಾರುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಯಾರೂ ತಮ್ಮ ದೊಡ್ಡ ಗಿರಾಕಿಯ ಮೇಲೆ ಅದಕ್ಕಾಗಿ ದೂರು ಹಾಕಲು ಹೋಗುವುದಿಲ್ಲ, ಅದು ಬೇರೆ ಮಾತು. ಆದರೆ ಚೌಕಾಸಿಗೆ ಅದು ಉಪಯೋಗಕ್ಕೆ ಬರುತ್ತದೆ. ವೇದಿಕೆಯಲ್ಲಿ ಬಡ್ಡಿಯನ್ನು ಮಾರುವವರು ಹೊರಬಹುದು, ಕೊಳ್ಳುವವರೂ ಹೊರಬಹುದು. 45 ದಿನ ದಾಟಿದ 15 ದಿನದ ಬಡ್ಡಿ ನೀವು ಹೊರಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ. ಮೇಲಿನ ಬಿಲ್ಲಿನಲ್ಲಿ ಅದು ಸುಮಾರು 3,850 ರೂಪಾಯಿ. ದರ ಇಳಿಸಿ ಎಂದು ಅಂಗಲಾಚುವುದಕ್ಕಿಂತ ಇದನ್ನು ಕೇಳಿದರೆ ಬೇಗ ಒಪ್ಪುತ್ತಾರೆ.

ಇನ್ನು ಕ್ಯಾಶ್ ಕ್ರೆಡಿಟ್. ಹೆಚ್ಚಿನವರು ಎಡವುವುದು ಇಲ್ಲೇ. ನಮ್ಮ ಬ್ಯಾಂಕಿನ ಸಿಸಿ ಸಾಲಕ್ಕೆ ಗೋದಾಮಿನ ಸರಕಿನ ಜೊತೆ ಗಿರಾಕಿಗಳ ಬಾಕಿಯೂ ಅಡಮಾನ. ಅದೇ ಬಾಕಿಯನ್ನು ಇನ್ನೊಬ್ಬರಿಗೆ ಮಾರಬೇಕಾದರೆ ಮೊದಲು ಬ್ಯಾಂಕಿನಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು. ‘ಇಂಥ ಗಿರಾಕಿಯ ಬಿಲ್ಲುಗಳು’ ಎಂದು ಹೆಸರು ಹಿಡಿದು ಕೇಳಿದರೆ ವ್ಯವಸ್ಥಾಪಕರು ಕೊಡುತ್ತಾರೆ. ಎಲ್ಲ ಬಾಕಿಗೂ ಎಂದು ಕೇಳಿದರೆ ಕಡತ ಮೇಲಿನ ಕಚೇರಿಗೆ ಹೋಗಿ ಅಲ್ಲೇ ಕೂರುತ್ತದೆ. ಹಣ ಬಂದ ಮೇಲೆ ಆ ಬಿಲ್ಲನ್ನು ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್‌ನಿಂದ ತೆಗೆಯಲೇಬೇಕು. ಒಂದೇ ಬಿಲ್ಲಿನ ಮೇಲೆ ಎರಡು ಕಡೆ ಹಣ ಪಡೆದಂತಾದರೆ ಅದು ಮರೆವಲ್ಲ, ವಂಚನೆ ಎಂದೇ ಬ್ಯಾಂಕ್ ನೋಡುತ್ತದೆ.

ಬಿಲ್ ಹೊರಗೆ ಹೋದರೆ ಡ್ರಾಯಿಂಗ್ ಪವರ್, ಅಂದರೆ ಅಡಮಾನದ ಲೆಕ್ಕದಲ್ಲಿ ಸಿಸಿಯಿಂದ ಎತ್ತಬಹುದಾದ ಮೊತ್ತ, ಇಳಿಯುತ್ತದೆ. ಬಾಕಿಯ ಮೇಲೆ ಬ್ಯಾಂಕ್ ಶೇ. 40 ಮಾರ್ಜಿನ್ ಹಿಡಿಯುತ್ತದೆ ಎನ್ನಿ. ನಮ್ಮ 10,40,000 ಬಿಲ್ಲಿನಿಂದ ಸಿಸಿಯಲ್ಲಿ ಮೊದಲೇ 6,24,000 ಎತ್ತಲು ಅವಕಾಶವಿತ್ತು. ಅದು ಹೋಯಿತು. ಹಾಗಾದರೆ ಡಿಸ್ಕೌಂಟ್ ಮಾಡಿದ್ದರಿಂದ ಬಂದ ಹೊಸ ಹಣ 10.25 ಲಕ್ಷವಲ್ಲ, ನಾಲ್ಕು ಲಕ್ಷ ಚಿಲ್ಲರೆ. ಆದರೆ ಫೆಬ್ರವರಿ, ಮಾರ್ಚ್‌ನಲ್ಲಿ ಕಥೆ ಬೇರೆ. ಗೋದಾಮಿನಲ್ಲಿ ಚೆರಿ ಮೂಟೆ ಛಾವಣಿ ಮುಟ್ಟುವಷ್ಟು ಇರುವಾಗ ಬರೀ ಸರಕಿನಿಂದಲೇ ಡ್ರಾಯಿಂಗ್ ಪವರ್ ಮಂಜೂರಾದ ಮಿತಿಯನ್ನು ದಾಟಿರುತ್ತದೆ. ಆಗ ಬಿಲ್ ತೆಗೆದರೂ ಮಿತಿ ಕುಗ್ಗುವುದಿಲ್ಲ, ಬಂದ ಹಣವೆಲ್ಲ ಹೊಸ ಹಣವೇ. ಸರಕು ಕರಗಿದ ಸೆಪ್ಟೆಂಬರ್‌ನಲ್ಲಿ ಅದೇ ಬಿಲ್ಲಿಗೆ ಅದೇ ಬಡ್ಡಿ ಕೊಟ್ಟು ಅರ್ಧವೂ ದಕ್ಕುವುದಿಲ್ಲ. ಹಾಗಾಗಿ ನಮ್ಮ ಡಿಸ್ಕೌಂಟಿಂಗ್ ಬಹುಪಾಲು ಸೀಸನ್ನಿನ ಮೂರು ತಿಂಗಳಲ್ಲೇ ನಡೆಯುತ್ತದೆ.

ಟ್ರೆಡ್ಸ್‌ನಲ್ಲಿ ಒಪ್ಪಿಗೆಯಾದ ಬಿಲ್ಲಿನ ಹಣವನ್ನು ಗುಣಮಟ್ಟದ ತಕರಾರು ತೆಗೆದು ಗಿರಾಕಿ ತಡೆಹಿಡಿಯುವಂತಿಲ್ಲ. ತಕರಾರು ಮಾತ್ರ ಎಲ್ಲಿಗೂ ಹೋಗುವುದಿಲ್ಲ: ಮುಂದಿನ ಬಿಲ್ಲಿನಲ್ಲಿ ಡೆಬಿಟ್ ನೋಟ್ ಆಗಿ ಬರುತ್ತದೆ. ಪುಡಿಯಲ್ಲಿ ಚಿಕೋರಿ ಪ್ರಮಾಣ ಹೆಚ್ಚಾಯಿತು, ಹುರಿದದ್ದು ಕಪ್ಪಾಯಿತು ಎಂದು 40,000 ಕಳೆದರೆ ಮುಂದಿನ ಬಿಲ್ಲಿಗೆ ನಾವು ಅಂದುಕೊಂಡಷ್ಟು ಹಣ ಬರುವುದಿಲ್ಲ. ಅದಕ್ಕೆ ಪ್ರತಿ ಬ್ಯಾಚಿನ ಮಾದರಿ ಪೊಟ್ಟಣವನ್ನು ಬಿಲ್ ಸಂಖ್ಯೆ ಬರೆದು ಗಡುವು ಮುಗಿಯುವವರೆಗೆ ತೆಗೆದಿಡುತ್ತೇವೆ, ಮತ್ತು ಬರುವ ಹಣದ ಅಂದಾಜು ಹಾಕುವಾಗ ಬಿಲ್ಲಿನ ಮೊತ್ತವನ್ನಲ್ಲ, ಹಿಂದಿನ ಕಡಿತಗಳನ್ನು ನೋಡಿ ಕಳೆದ ಮೊತ್ತವನ್ನು ಹಿಡಿಯುತ್ತೇವೆ. ಬೆಳೆಗಾರರಿಗೆ ದಿನ ಹೇಳುವುದು ಆ ಅಂಕಿ ನೋಡಿಕೊಂಡೇ.