ಮಸುಕಾದ ಸ್ಟೇಟ್‌ಮೆಂಟ್ ಚಿತ್ರದಿಂದ ಯೂನಿಟ್ ಲೆಕ್ಕ ಬಿಡಿಸಿದ ಬಗೆ

ಉಡುಪಿಯ ದೊಡ್ಡಮ್ಮ ವಾಟ್ಸಾಪ್‌ನಲ್ಲಿ ಕಳುಹಿಸಿದ ಮ್ಯೂಚುವಲ್ ಫಂಡ್ ಸ್ಟೇಟ್‌ಮೆಂಟಿನ ಚಿತ್ರದಲ್ಲಿ, 5,000 ರೂಪಾಯಿಯ ಕಂತಿಗೆ ದೊರೆತ ಯೂನಿಟ್ 103.488 ಎಂದಿದೆಯೋ 103.438 ಎಂದಿದೆಯೋ ತಿಳಿಯುತ್ತಿರಲಿಲ್ಲ. ಒಂದು ಯೂನಿಟ್‌ನ ಆ ದಿನದ ಬೆಲೆ, ಅಂದರೆ ಎನ್‌ಎವಿ, 48.3125 ಎಂಬುದು ಸ್ಪಷ್ಟವಾಗಿತ್ತು. ಆದರೆ 5,000ವನ್ನು ಅದರಿಂದ ಭಾಗಿಸಿದಾಗ ಬಂದ 103.493 ಎರಡಕ್ಕೂ ಹೊಂದಲಿಲ್ಲ. ಖರೀದಿಯ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಮುದ್ರಾಂಕ ಶುಲ್ಕವೇ ಇದಕ್ಕೆ ಕಾರಣ: 2020ರ ಜುಲೈ 1ರಿಂದ ಪ್ರತಿ ಖರೀದಿಯಲ್ಲೂ ಶೇ. 0.005ರಷ್ಟು, ಅಂದರೆ ಇಲ್ಲಿ 25 ಪೈಸೆ, ಮೊದಲೇ ಕಡಿತವಾಗುತ್ತದೆ. ಉಳಿದ 4,999.75 ರೂಪಾಯಿಯನ್ನು ಭಾಗಿಸಿದಾಗ 103.488 ಬಂದಿತು. ಅದನ್ನು ಹಿಂದಿನ ಸಾಲಿನ ಶಿಲ್ಕು 1,250.316ಕ್ಕೆ ಕೂಡಿಸಿದಾಗ ದೊರೆತ 1,353.804, ಕೊನೆಯ ಅಂಕಣದಲ್ಲಿದ್ದ ಸಂಖ್ಯೆಯೊಂದಿಗೆ ತಾಳೆಯಾಯಿತು. ಆ ಅಂಕಣ ತೋರಿಸುವುದು ಯೂನಿಟ್‌ಗಳ ಶಿಲ್ಕನ್ನೇ ಹೊರತು ರೂಪಾಯಿಯನ್ನಲ್ಲ. ಎನ್‌ಎವಿಯೇ ಮಸುಕಾಗಿದ್ದರೆ, ಡೈರೆಕ್ಟ್ ಯೋಜನೆಯೋ ರೆಗ್ಯುಲರ್ ಯೋಜನೆಯೋ ಎಂಬುದನ್ನು ನೋಡಿಕೊಂಡು, ಆ ದಿನಾಂಕದ ದರವನ್ನು ಮ್ಯೂಚುವಲ್ ಫಂಡ್ ಸಂಸ್ಥೆಗಳ ಸಂಘವಾದ ಆಂಫಿಯ ಜಾಲತಾಣದಿಂದ ತೆಗೆದುಕೊಳ್ಳಬಹುದು.