ನಿಫ್ಟಿಯಲ್ಲಿ ಟ್ರೆಂಡ್ ಇಲ್ಲದಾಗ ಕ್ರಾಸೋವರ್ ನಿಲ್ಲಿಸಿದ ಬಗೆ (ನನ್ನ ಅನುಭವ)

ನಿಫ್ಟಿಯ ದಿನದ ಚಾರ್ಟ್‌ನಲ್ಲಿ 20/50 ಮೂವಿಂಗ್ ಆವರೇಜ್ ಕ್ರಾಸೋವರ್ ಓಡಿಸುತ್ತಿದ್ದೆ: 20 ದಿನದ ಆವರೇಜ್ 50 ದಿನದ್ದನ್ನು ಮೇಲಕ್ಕೆ ದಾಟಿದರೆ ಕೊಳ್ಳುವುದು, ಕೆಳಕ್ಕೆ ದಾಟಿದರೆ ಮಾರುವುದು. ಮಾರುಕಟ್ಟೆ ಒಂದೇ ಮಿತಿಯೊಳಗೆ ಮೇಲೆ ಕೆಳಗೆ ಆಡುವಾಗ ಕೊಂಡ ಮೇಲೆ ಇಳಿಯುತ್ತಿತ್ತು, ಮಾರಿದ ಮೇಲೆ ಏರುತ್ತಿತ್ತು. ಸಣ್ಣ ನಷ್ಟಗಳೇ ಸಾಲಾಗಿ ಬಂದವು.

ಆವರೇಜ್ 10/30 ಮಾಡಿದೆ, ಸುಳ್ಳು ಸಿಗ್ನಲ್ ಜಾಸ್ತಿಯಾಯಿತು. ಸ್ಟಾಪ್‌ಲಾಸ್ ಬಿಗಿ ಮಾಡಿದರೂ ಉಪಯೋಗವಾಗಲಿಲ್ಲ. ಟ್ರೆಂಡಿನ ಬಲ ಅಳೆಯುವ 14 ದಿನದ ಎಡಿಎಕ್ಸ್ 25ರ ಮೇಲಿದ್ದರೆ ಮಾತ್ರ ಓಡಲಿ ಎಂದೆ. ಅದು 24, 26, 24 ಎಂದು ಓಲಾಡಿದಾಗ ಸ್ವಿಚ್ಚೂ ಹಾಗೇ ಓಲಾಡಿತು.

ಕೊನೆಗೆ ಸರಿಹೋಗಿದ್ದು ಎರಡು ಗೆರೆ ಇಟ್ಟಾಗ. 25 ದಾಟಿದರೆ ಆನ್, 20ಕ್ಕಿಂತ ಇಳಿದರೆ ಆಫ್, ನಡುವೆ ಹಿಂದಿನ ಸ್ಥಿತಿಯೇ ಇರಲಿ.

```
if adx[-2] > 25: on = True
elif adx[-2] < 20: on = False
```

26, 23, 21 ಬಂದರೂ ಆನ್ ಇರುತ್ತದೆ. 19ಕ್ಕೆ ಆಫ್. ಆಮೇಲೆ 24 ಬಂದರೂ ಆಫ್. `-2` ಅಂದರೆ ಮುಗಿದ ಕ್ಯಾಂಡಲ್. ನಡೆಯುತ್ತಿರುವ ಕ್ಯಾಂಡಲ್‌ನ ಎಡಿಎಕ್ಸ್ ಸಂಜೆಯೊಳಗೆ ಬದಲಾಗುತ್ತದೆ, ಅಲ್ವಾ?

ಆಫ್ ಆದಾಗ ಹೊಸ ಎಂಟ್ರಿ ಮಾತ್ರ ನಿಲ್ಲಿಸಿ. ಇರುವ ಪೊಸಿಷನ್ ತನ್ನ ಸ್ಟಾಪ್‌ಲಾಸ್‌ನಲ್ಲೇ ಮುಗಿಯಲಿ. ಎಡಿಎಕ್ಸ್ ತಡವಾಗಿ ಏರುವುದರಿಂದ ಟ್ರೆಂಡಿನ ಮೊದಲ ಭಾಗ ಕೈತಪ್ಪುತ್ತದೆ.